ಕಾರ್ಡಿನಲ್ಲಿ 'ಒ', ನಿಜದಲ್ಲಿ ಬಾಂಬೆ ಗುಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವ ನಮ್ಮಂಥವರನ್ನು ಜನ ಕೇಳುವ ಪ್ರಶ್ನೆಗಳಿವು. ಬಾಂಬೆ ಗುಂಪಿನ ಕಥೆಯನ್ನೆಲ್ಲ ಇಲ್ಲಿ ಹೇಳಲು ಹೊರಟಿಲ್ಲ. ದಿನನಿತ್ಯದ ಪರೀಕ್ಷೆಯ ಕಣ್ಣನ್ನು ಅದು ಹೇಗೆ ತಪ್ಪಿಸಿಕೊಳ್ಳುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬಾಂಬೆ ಗುಂಪು ಎಂದರೆ ಏನು?

ಕೆಂಪು ರಕ್ತಕಣದ ಹೊರಮೈಯಲ್ಲಿ ಸಕ್ಕರೆಯ ಅಣುಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಆ ಸಾಲಿನ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದಾಗ ಎಚ್ ಪ್ರತಿಜನಕ ಸಿದ್ಧವಾಗುತ್ತದೆ. ಎ ಗುಂಪಿನವರಲ್ಲಿ ಈ ಎಚ್ ಮೇಲೆ ಮತ್ತೊಂದು ಸಕ್ಕರೆ ಕೂರುತ್ತದೆ, ಬಿ ಗುಂಪಿನವರಲ್ಲಿ ಬೇರೊಂದು. ಎಬಿ ಗುಂಪಿನವರಲ್ಲಿ ಎರಡೂ ಬಗೆ ಇರುತ್ತವೆ. ಒ ಗುಂಪಿನವರಲ್ಲಿ ಯಾವುದೂ ಕೂರುವುದಿಲ್ಲ, ಎಚ್ ಹಾಗೆಯೇ ಉಳಿಯುತ್ತದೆ. ಹಾಗಾಗಿ ಎಚ್ ಅತಿ ಹೆಚ್ಚಾಗಿ ಇರುವುದು ಒ ಗುಂಪಿನ ಕಣಗಳ ಮೇಲೆಯೇ.

ಬಾಂಬೆ ಗುಂಪಿನವರಲ್ಲಿ ಈ ಎಚ್ ಕೂಡ ಇಲ್ಲ. ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ಎ ಮತ್ತು ಬಿ ಎರಡು ತಳಿಯ ಕಾಳುಮೆಣಸಿನ ಬಳ್ಳಿಗಳು, ಎಚ್ ಅವು ಏರುವ ಅಡಿಕೆ ಮರ. ಒ ಎಂದರೆ ಬಳ್ಳಿ ಏರಿಸದ ಮರ. ಬಾಂಬೆ ಎಂದರೆ ಮರವೇ ಇಲ್ಲದ ಜಾಗ. 'ಇಲ್ಲಿ ಬಳ್ಳಿ ಇದೆಯೇ' ಎಂದಷ್ಟೇ ಕೇಳಿದರೆ ಎರಡೂ ಕಡೆಯಿಂದ ಬರುವ ಉತ್ತರ ಒಂದೇ: ಇಲ್ಲ. ನಮ್ಮ ಸಾಮಾನ್ಯ ಪರೀಕ್ಷೆ ಕೇಳುವುದೂ ಅಷ್ಟನ್ನೇ.

ಇದನ್ನು ಮೊದಲು ಗುರುತಿಸಿದವರು ಮುಂಬೈಯ ವೈ. ಎಂ. ಭೇಂಡೆ, ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಮತ್ತು ಸಂಗಡಿಗರು. ವರದಿ 1952ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ನನ್ನ ಕಾರ್ಡಿನಲ್ಲಿ 'ಒ ಪಾಸಿಟಿವ್' ಎಂದಿದೆ. ಅದು ತಪ್ಪಿರಬಹುದೇ?

ಬಹುಪಾಲು ಜನರ ಮಟ್ಟಿಗೆ ಅದು ಸರಿಯೇ. ಆದರೆ ಆ ಕಾರ್ಡು ಹೇಗೆ ತಯಾರಾಯಿತು ಎಂದು ಸ್ವಲ್ಪ ನೆನಪಿಸಿಕೊಳ್ಳಿ. ಶಾಲೆಯಲ್ಲೋ ಊರಿನ ಶಿಬಿರದಲ್ಲೋ ಬೆರಳಿಗೆ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತ ಇಟ್ಟರು. ಒಂದಕ್ಕೆ ನೀಲಿ ದ್ರಾವಣ, ಅದು ಎ ಇರುವ ಕಣಗಳನ್ನು ಅಂಟಿಸಿ ಗಡ್ಡೆ ಮಾಡುವ ಆಂಟಿ-ಎ. ಇನ್ನೊಂದಕ್ಕೆ ಹಳದಿ, ಅದು ಆಂಟಿ-ಬಿ. ಮೂರನೆಯದಕ್ಕೆ ಪಾಸಿಟಿವೋ ನೆಗೆಟಿವೋ ಎಂದು ತೋರಿಸುವ, ಬಣ್ಣವಿಲ್ಲದ ಆಂಟಿ-ಡಿ. ಕಡ್ಡಿಯಿಂದ ಕಲಸಿ, ಗಾಜನ್ನು ಅತ್ತಿತ್ತ ವಾಲಿಸಿ ನೋಡಿದರು. ನೀಲಿಯಲ್ಲೂ ಹಳದಿಯಲ್ಲೂ ರಕ್ತ ನುಣ್ಣಗೆ ಹರಡಿಕೊಂಡಿತು, ಮೂರನೆಯದರಲ್ಲಿ ರವೆಯಂತೆ ಒಡೆಯಿತು. 'ಒ ಪಾಸಿಟಿವ್' ಎಂದು ಬರೆದರು.

ಇಲ್ಲಿ 'ಒ' ಎಂದು ತೋರಿಸಿಕೊಟ್ಟ ದ್ರಾವಣ ಯಾವುದೂ ಇಲ್ಲ. ಎ ಇಲ್ಲ, ಬಿ ಇಲ್ಲ ಎಂಬ ಎರಡು 'ಇಲ್ಲ'ಗಳಿಂದ ನಾವೇ ತೀರ್ಮಾನಿಸಿದ್ದು ಅದು. ಬಾಂಬೆ ಗುಂಪಿನ ರಕ್ತವೂ ಆ ಗಾಜಿನ ಮೇಲೆ ಅಕ್ಷರಶಃ ಹೀಗೆಯೇ ಕಾಣುತ್ತದೆ. ಪರೀಕ್ಷೆ ಮಾಡಿದವರ ಕೈತಪ್ಪಲ್ಲ. ಆ ವಿಧಾನಕ್ಕೆ ಈ ವ್ಯತ್ಯಾಸ ತೋರಿಸುವ ಶಕ್ತಿಯೇ ಇಲ್ಲ.

ಬ್ಲಡ್ ಬ್ಯಾಂಕಿನಲ್ಲಿ ಎರಡೆರಡು ಬಾರಿ ಪರೀಕ್ಷೆ ಮಾಡುತ್ತಾರಲ್ಲ, ಅಲ್ಲಿಯೂ ಗೊತ್ತಾಗುವುದಿಲ್ಲವೇ?

ನಿಜವಾಗಿ ಚರ್ಚಿಸಬೇಕಾದ ಪ್ರಶ್ನೆ ಇದು. ಬ್ಲಡ್ ಬ್ಯಾಂಕಿನಲ್ಲಿ ಮೊದಲು ಕಣಗಳ ಪರೀಕ್ಷೆ ಮಾಡುತ್ತಾರೆ, ಅಂದರೆ ಮೇಲೆ ಹೇಳಿದ್ದನ್ನೇ ಟ್ಯೂಬಿನಲ್ಲೋ ಜೆಲ್ ಕಾರ್ಡಿನಲ್ಲೋ ಇನ್ನಷ್ಟು ಕರಾರುವಾಕ್ಕಾಗಿ. ಬಳಿಕ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದ ಪರೀಕ್ಷೆ, ಅದನ್ನೇ ರಿವರ್ಸ್ ಗ್ರೂಪಿಂಗ್ ಎನ್ನುವುದು. ನಿಮ್ಮ ಸೀರಮ್ಮಿಗೆ ಗೊತ್ತಿರುವ ಎ ಕಣಗಳನ್ನೂ ಬಿ ಕಣಗಳನ್ನೂ ಬೇರೆ ಬೇರೆಯಾಗಿ ಸೇರಿಸಿ ನೋಡುತ್ತಾರೆ. ಒ ಗುಂಪಿನವರ ಸೀರಮ್ಮಿನಲ್ಲಿ ಆಂಟಿ-ಎ, ಆಂಟಿ-ಬಿ ಪ್ರತಿಕಾಯಗಳು ಎರಡೂ ಇರುವುದರಿಂದ ಎರಡೂ ಬಗೆಯ ಕಣಗಳು ಅಂಟಿಕೊಳ್ಳುತ್ತವೆ. ಎರಡು ಪರೀಕ್ಷೆಗಳ ಉತ್ತರ ತಾಳೆಯಾಗಬೇಕು ಎಂಬುದು ನಿಯಮ, ತಾಳೆಯಾಗದಿದ್ದರೆ ಮುಂದೆ ಹೋಗುವಂತಿಲ್ಲ.

ಬಾಂಬೆ ಗುಂಪಿನವರ ಸೀರಮ್ಮಿನಲ್ಲಿ ಆಂಟಿ-ಎ, ಆಂಟಿ-ಬಿ ಜೊತೆಗೆ ಆಂಟಿ-ಎಚ್ ಕೂಡ ಇದೆ. ಎ ಕಣ ಹಾಕಿದರೂ ಅಂಟುತ್ತದೆ, ಬಿ ಕಣ ಹಾಕಿದರೂ ಅಂಟುತ್ತದೆ. ಅಂದರೆ ಮತ್ತೆ ಒ ಗುಂಪಿನದೇ ನಕ್ಷೆ. ಎರಡೂ ಪರೀಕ್ಷೆಗಳು ಅಚ್ಚುಕಟ್ಟಾಗಿ ತಾಳೆಯಾಗುತ್ತವೆ, ಎರಡೂ ಒಂದೇ ತಪ್ಪನ್ನು ಹೇಳುತ್ತವೆ. ಹೊಂದಾಣಿಕೆಯಾಗದ ಫಲಿತಾಂಶ ಬಂದಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು. ಇಲ್ಲಿ ಎಲ್ಲ ಸರಿಯಾಗಿ ಕಾಣುವುದೇ ತೊಂದರೆ.

ಗುಟ್ಟು ಬಯಲಾಗುವುದು ಮೂರನೆಯ ಟ್ಯೂಬಿನಲ್ಲಿ. ಅದರಲ್ಲಿ ಸೀರಮ್ಮಿಗೆ ಒ ಕಣಗಳನ್ನು ಸೇರಿಸಬೇಕು. ನಿಜವಾದ ಒ ಗುಂಪಿನವರ ಸೀರಮ್ ಒ ಕಣಗಳನ್ನು ಮುಟ್ಟುವುದಿಲ್ಲ. ಬಾಂಬೆ ಗುಂಪಿನವರ ಸೀರಮ್ ಅವನ್ನು ಗಟ್ಟಿಯಾಗಿ ಒಂದೇ ಗಡ್ಡೆ ಮಾಡಿಬಿಡುತ್ತದೆ. ಈ ಟ್ಯೂಬಿಗೆ ಬೇಕಾಗುವುದು ಎರಡು ಹನಿ ಸೀರಮ್, ಒಂದು ಹನಿ ಕಣ, ಸೆಂಟ್ರಿಫ್ಯೂಜಿನಲ್ಲಿ ಇನ್ನೊಂದು ಜಾಗ. ಆದರೂ ಹಲವು ಕಡೆ ಇದನ್ನು ಇಡುವುದಿಲ್ಲ. ಸಾಮಾನ್ಯವಾಗಿ ಬಳಸುವ ಆರು ಕಾಲಮ್ಮುಗಳ ಜೆಲ್ ಕಾರ್ಡಿನಲ್ಲಿ ರಿವರ್ಸ್ ಪರೀಕ್ಷೆಗೆ ಇರುವುದು ಎ ಮತ್ತು ಬಿ ಕಣಗಳಿಗೆ ಮಾತ್ರ ಜಾಗ, ಒ ಕಣಕ್ಕಿಲ್ಲ. ದುಬಾರಿ ಕಾರ್ಡು ಬಂದ ಮೇಲೆ ಹಳೆಯ ಟ್ಯೂಬನ್ನು ಕೈಬಿಟ್ಟದ್ದು ಒಳ್ಳೆಯ ವ್ಯಾಪಾರವಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸಾಮಾನ್ಯವಾಗಿ ಇದು ಪತ್ತೆಯಾಗುವುದು ಯಾವಾಗ?

ರಕ್ತ ಬೇಕಾದಾಗ, ಅಂದರೆ ರೋಗಿಯ ಸೀರಮ್ಮಿಗೆ ದಾನಿಯ ಕಣಗಳನ್ನು ಸೇರಿಸಿ ನೋಡುವ ಕ್ರಾಸ್‌ಮ್ಯಾಚ್ ಮಾಡುವಾಗ. ಒಂದು ಉದಾಹರಣೆಯನ್ನು ಹಂತ ಹಂತವಾಗಿ ನೋಡೋಣ.

ಶಿರಸಿ ತಾಲ್ಲೂಕಿನ ಒಬ್ಬ ಗರ್ಭಿಣಿ ಎಂದಿಟ್ಟುಕೊಳ್ಳಿ. 34 ವಾರ, ಹಿಮೋಗ್ಲೋಬಿನ್ 7.1. ತಾಯಿ ಕಾರ್ಡಿನಲ್ಲಿ 'ಒ ಪಾಸಿಟಿವ್' ಎಂದಿದೆ. ವೈದ್ಯರು ಮುಂಜಾಗ್ರತೆಗೆ ಒಂದು ಚೀಲ ರಕ್ತ ಸಿದ್ಧವಿರಲಿ ಎಂದು ಬರೆದುಕೊಟ್ಟಿದ್ದಾರೆ. ಬ್ಲಡ್ ಬ್ಯಾಂಕಿನಲ್ಲಿ ಕಣಗಳ ಪರೀಕ್ಷೆ: ಆಂಟಿ-ಎ ಸೊನ್ನೆ, ಆಂಟಿ-ಬಿ ಸೊನ್ನೆ, ಆಂಟಿ-ಡಿ ನಾಲ್ಕು ಪ್ಲಸ್, ಅಂದರೆ ಅತಿ ಗಟ್ಟಿಯಾದ ಅಂಟು. ಸೀರಮ್ ಪರೀಕ್ಷೆ: ಎ ಕಣ ನಾಲ್ಕು ಪ್ಲಸ್, ಬಿ ಕಣ ನಾಲ್ಕು ಪ್ಲಸ್. ಒ ಎಂದೇ ದಾಖಲಾಯಿತು. ಫ್ರಿಜ್ಜಿನಿಂದ ಒ ಪಾಸಿಟಿವ್ ಚೀಲವೊಂದನ್ನು ತೆಗೆದು ಕ್ರಾಸ್‌ಮ್ಯಾಚ್ ಮಾಡಿದರೆ ಕೋಣೆಯ ಉಷ್ಣತೆಯಲ್ಲಿ, ಮೊದಲ ಸುತ್ತಿಗೇ ನಾಲ್ಕು ಪ್ಲಸ್. ಟ್ಯೂಬನ್ನು ಮೆಲ್ಲಗೆ ತಟ್ಟಿದರೆ ತಳದ ಕೆಂಪು ಗುಂಡಿ ಒಡೆಯದೆ ಇಡಿಯಾಗಿ ಮೇಲೇಳುತ್ತದೆ, ಸುತ್ತಲ ದ್ರವ ತಿಳಿಯಾಗಿಯೇ ಇರುತ್ತದೆ. ಎರಡನೆಯ ಚೀಲ, ಮೂರನೆಯ ಚೀಲ, ಅದೇ ಕಥೆ.

ಇಲ್ಲಿ ತಂತ್ರಜ್ಞರ ಮುಂದೆ ಎರಡು ಮೂರು ಅನುಮಾನಗಳಿರುತ್ತವೆ. ಚಳಿಯಲ್ಲಿ ಮಾತ್ರ ಕೆಲಸ ಮಾಡುವ ಪ್ರತಿಕಾಯ ಇರಬಹುದು. ಟ್ಯೂಬನ್ನು 37 ಡಿಗ್ರಿಯಲ್ಲಿ ಬೆಚ್ಚಗೆ ಇಟ್ಟು ಮತ್ತೆ ಓದಿದರೂ ಗಡ್ಡೆ ಕರಗಲಿಲ್ಲ, ಆ ಅನುಮಾನ ಹೋಯಿತು. ರೋಗಿಯ ದೇಹ ತನ್ನದೇ ಕಣಗಳ ವಿರುದ್ಧ ಪ್ರತಿಕಾಯ ಮಾಡಿಕೊಂಡಿರಬಹುದು. ಆಕೆಯ ಸೀರಮ್ಮನ್ನು ಆಕೆಯದೇ ಕಣಗಳೊಂದಿಗೆ ಸೇರಿಸಿದರೆ ಉತ್ತರ ಸೊನ್ನೆ, ಅದೂ ಹೋಯಿತು. ಪ್ರತಿಕಾಯ ಹುಡುಕುವ ಸ್ಕ್ರೀನಿಂಗ್ ಕಣಗಳ ಮೂರು ಬಾಟಲಿಗಳಿಗೂ ನಾಲ್ಕು ಪ್ಲಸ್ ಬಂತು. ಆ ಕಣಗಳೆಲ್ಲ ಒ ಗುಂಪಿನವು ಎಂಬುದು ನೆನಪಿಗೆ ಬಂದ ಗಳಿಗೆಯಲ್ಲಿ ತಲೆಗೆ ಹೊಳೆಯಬೇಕು: ಒ ಕಣವೆಲ್ಲವೂ ಅಂಟುತ್ತಿದೆ, ತನ್ನದು ಮಾತ್ರ ಅಂಟುತ್ತಿಲ್ಲ. ಹಾಗಾದರೆ ಒ ಕಣದಲ್ಲಿರುವ ಯಾವುದೋ ಒಂದು ಈಕೆಯಲ್ಲಿ ಇಲ್ಲ.

ಉಳಿದದ್ದು ಖಚಿತಪಡಿಸುವ ಪರೀಕ್ಷೆ. ಯೂಲೆಕ್ಸ್ ಯೂರೋಪಿಯಸ್ ಎಂಬ ಗಿಡದ ಬೀಜದಿಂದ ತೆಗೆದ ಆಂಟಿ-ಎಚ್ ಲೆಕ್ಟಿನ್ ದ್ರಾವಣ ಎಚ್ ಇರುವ ಕಣಗಳನ್ನು ಅಂಟಿಸುತ್ತದೆ. ಪಕ್ಕದಲ್ಲಿ ಇಟ್ಟ ಒ ಕಣ ನಾಲ್ಕು ಪ್ಲಸ್, ಆಕೆಯ ಕಣ ಸೊನ್ನೆ. ಬಾಂಬೆ ಗುಂಪು, ಆರ್‌ಎಚ್ ಪಾಸಿಟಿವ್.

ಆ ಲೆಕ್ಟಿನ್ ಪರೀಕ್ಷೆಯಲ್ಲಿ ತಪ್ಪಾಗುವುದಿಲ್ಲವೇ?

ಆಗುತ್ತದೆ. ಅಪರೂಪಕ್ಕೆ ಬೇಕಾಗುವ ಬಾಟಲಿಯಾದ್ದರಿಂದ ಫ್ರಿಜ್ಜಿನ ಮೂಲೆಯಲ್ಲಿ ಅವಧಿ ಮುಗಿದು ಕೂತಿರುವ ಸಂಭವವೇ ಹೆಚ್ಚು. ಶಕ್ತಿ ಕಳೆದುಕೊಂಡ ಲೆಕ್ಟಿನ್ ಎಲ್ಲರ ಕಣಕ್ಕೂ ಸೊನ್ನೆ ತೋರಿಸುತ್ತದೆ. ಆದ್ದರಿಂದ ಪಕ್ಕದಲ್ಲಿ ಒ ಕಣದ ಟ್ಯೂಬು ಇಡದೆ ಓದಿದ 'ಸೊನ್ನೆ'ಗೆ ಬೆಲೆಯಿಲ್ಲ. ಎ ಗುಂಪಿನ ಹಲವರಲ್ಲಿ ಎಚ್ ಬಹುಪಾಲು ಮುಚ್ಚಿಹೋಗಿರುವುದರಿಂದ ಅವರ ಕಣಗಳಿಗೂ ಪ್ರತಿಕ್ರಿಯೆ ಬಹಳ ದುರ್ಬಲವಾಗಿ ಬರಬಹುದು. ಅವರು ಬಾಂಬೆ ಗುಂಪಿನವರಲ್ಲ.

ಇದರ ನೆರೆಯಲ್ಲೇ ಪ್ಯಾರಾ-ಬಾಂಬೆ ಎಂಬುದೊಂದಿದೆ. ಅವರ ಕಣಗಳ ಮೇಲೆ ಎಚ್ ಇಲ್ಲ ಅಥವಾ ತೀರಾ ಕಡಿಮೆ, ಆದರೆ ಅನೇಕರ ಎಂಜಲಿನಲ್ಲಿ ಎಚ್ ಇರುತ್ತದೆ. ಹೀಗಾಗಿ ದೊಡ್ಡ ಪ್ರಯೋಗಾಲಯಗಳು ಎಂಜಲನ್ನೂ ಪರೀಕ್ಷಿಸುತ್ತವೆ. ಮುಂಬೈಯ ಐಸಿಎಂಆರ್ ಅಧೀನದ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಂಥ ಕಡೆಗೆ ಮಾದರಿ ಕಳಿಸುವುದು ಇಂಥ ಗೊಂದಲಗಳಿಗಾಗಿಯೇ.

ಒ ಗುಂಪಿನವರು ಎಲ್ಲರಿಗೂ ರಕ್ತ ಕೊಡಬಹುದಲ್ಲ? ತುರ್ತಿನಲ್ಲಿ ಒ ನೆಗೆಟಿವ್ ಕೊಟ್ಟರೆ ಆಗದೇ?

ಆಗದು. ಬಾಂಬೆ ಗುಂಪಿನವರಿಗೆ ಒ ರಕ್ತವೂ ಎ, ಬಿ ರಕ್ತದಷ್ಟೇ ಅಪಾಯಕಾರಿ. ಎಚ್ ಅತಿ ಹೆಚ್ಚು ಇರುವುದು ಒ ಕಣಗಳಲ್ಲಿ ಎಂದು ಮೊದಲೇ ಹೇಳಿದೆನಲ್ಲ. ಅವರ ಆಂಟಿ-ಎಚ್ ದೇಹದ ಉಷ್ಣತೆಯಲ್ಲೇ ಚುರುಕಾಗಿರುತ್ತದೆ, ಕೊಟ್ಟ ಕಣಗಳನ್ನು ರಕ್ತನಾಳದ ಒಳಗೇ ಒಡೆಯುತ್ತದೆ. ಮೊದಲ ಕೆಲವು ಮಿಲಿಲೀಟರ್ ಹೋಗುವಷ್ಟರಲ್ಲೇ ಚಳಿ ಜ್ವರ, ಸೊಂಟ ನೋವು, ಸೂಜಿ ಚುಚ್ಚಿದ ಕೈಯಲ್ಲಿ ಉರಿ, ರಕ್ತದೊತ್ತಡ ಇಳಿತ, ಆಮೇಲೆ ಕೆಂಪಾದ ಅಥವಾ ಕಡುಗಂದು ಮೂತ್ರ ಕಾಣಿಸಬಹುದು. ಅರಿವಳಿಕೆಯಲ್ಲಿರುವ ರೋಗಿ ನೋವು ಹೇಳಲಾರರು. ಅಲ್ಲಿ ಸುಳಿವು ಕೊಡುವುದು ಕುಸಿಯುವ ಒತ್ತಡ, ಗಾಯದ ತುಂಬ ಒಸರುವ ರಕ್ತ, ಮೂತ್ರದ ಚೀಲದ ಬಣ್ಣ.

ಹೀಗಾದರೆ ರಕ್ತವನ್ನು ತಕ್ಷಣ ನಿಲ್ಲಿಸಿ, ಸೂಜಿ ತೆಗೆಯದೆ ಸಲೈನ್ ಹರಿಸುತ್ತಾರೆ. ಚೀಲವನ್ನೂ ರೋಗಿಯ ಹೊಸ ಮಾದರಿಯನ್ನೂ ಬ್ಲಡ್ ಬ್ಯಾಂಕಿಗೆ ವಾಪಸು ಕಳಿಸುತ್ತಾರೆ. ಆ ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಮೇಲಿನ ದ್ರವ ಹುಲ್ಲು ಹಳದಿ ಬದಲು ಗುಲಾಬಿಯಾಗಿದ್ದರೆ ಒಳಗೆ ಕಣಗಳು ಒಡೆಯುತ್ತಿವೆ ಎಂದರ್ಥ.

ಹೆಚ್ಚಿನ ಅಪಾಯ ಇರುವುದು ಕ್ರಾಸ್‌ಮ್ಯಾಚ್‌ಗೆ ಸಮಯವಿಲ್ಲ ಎಂದು ಒ ಚೀಲವನ್ನು ನೇರವಾಗಿ ಏರಿಸುವ ಸಂದರ್ಭದಲ್ಲಿ. ಈ ಗುಂಪನ್ನು ಹಿಡಿಯುವ ಕೊನೆಯ ಬಲೆಯೇ ಕ್ರಾಸ್‌ಮ್ಯಾಚ್, ಅದನ್ನೂ ಬಿಟ್ಟರೆ ಉಳಿದದ್ದೇನೂ ಇಲ್ಲ.

ಅಪ್ಪ ಅಮ್ಮ ಇಬ್ಬರದೂ ಒ, ಮಗುವಿನದು ಬಿ. ಹೇಗೆ ಸಾಧ್ಯ?

ಈ ಪ್ರಶ್ನೆಯನ್ನು ಜನ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಮೊದಲು ಮೂವರ ಗುಂಪನ್ನೂ ಮತ್ತೊಮ್ಮೆ ಸರಿಯಾಗಿ ಪರೀಕ್ಷಿಸಬೇಕು, ಬರವಣಿಗೆಯ ತಪ್ಪೇ ಹೆಚ್ಚು ಸಲ ಕಾರಣ. ಫಲಿತಾಂಶ ಅದೇ ಬಂದರೆ ಬಾಂಬೆ ಗುಂಪನ್ನು ನೆನೆಯಬೇಕು.

ಎಚ್ ತಯಾರಿಸುವ ಜೀನ್ 19ನೆಯ ಕ್ರೋಮೋಸೋಮಿನಲ್ಲಿದೆ. ಎ, ಬಿ ನಿರ್ಧರಿಸುವ ಜೀನ್ ಇರುವುದು 9ನೆಯದರಲ್ಲಿ. ಎರಡೂ ಬೇರೆ ಬೇರೆಯಾಗಿ ಮಕ್ಕಳಿಗೆ ಬರುತ್ತವೆ. ತಾಯಿಯಲ್ಲಿ ಬಿ ಜೀನ್ ಇದೆ, ಆದರೆ ಎಚ್ ಜೀನಿನ ಎರಡೂ ಪ್ರತಿಗಳು ಕೆಟ್ಟಿವೆ ಎಂದುಕೊಳ್ಳಿ. ಆಕೆಯ ಬಿ ಕಿಣ್ವ ಸಕ್ಕರೆ ಹಿಡಿದು ಸಿದ್ಧವಿದ್ದರೂ ಕೂರಿಸಲು ಎಚ್ ಇಲ್ಲ, ಹಾಗಾಗಿ ಪರೀಕ್ಷೆಯಲ್ಲಿ 'ಒ'. ತಂದೆ ನಿಜವಾದ ಒ, ಅವರ ಎಚ್ ಜೀನ್ ಸರಿ ಇದೆ. ಮಗು ತಾಯಿಯಿಂದ ಬಿ ಜೀನನ್ನೂ ತಂದೆಯಿಂದ ಸರಿಯಾದ ಎಚ್ ಜೀನನ್ನೂ ಪಡೆಯಿತು. ಮಗುವಿನ ಕಣದಲ್ಲಿ ಎಚ್ ತಯಾರಾಯಿತು, ಅದರ ಮೇಲೆ ಬಿ ಕೂತಿತು. ಮನೆಯಲ್ಲಿ ಯಾರ ಮೇಲೂ ಸಂಶಯಪಡುವ ಕಾರಣವಿಲ್ಲ, ತಾಯಿಯ ಕಾರ್ಡನ್ನು ತಿದ್ದಬೇಕು ಅಷ್ಟೆ.

ಎಬಿ ಗುಂಪಿನ ತಂದೆಗೆ 'ಒ' ಮಗು ಹುಟ್ಟಿದಾಗಲೂ ಹೀಗೆ ಯೋಚಿಸಬೇಕಾಗುತ್ತದೆ. ಅಲ್ಲಿ ಬಾಂಬೆ ಇರಬಹುದಾದದ್ದು ಮಗು.

ನಮ್ಮ ಮನೆಯಲ್ಲಿ ಒಬ್ಬರಿಗೆ ಈ ಗುಂಪು ಸಿಕ್ಕಿದೆ. ಉಳಿದವರು ಪರೀಕ್ಷಿಸಿಕೊಳ್ಳಬೇಕೇ?

ಒಡಹುಟ್ಟಿದವರು ಖಂಡಿತ. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ಪ್ರತಿ ಒಂದೊಂದು ಇದ್ದಾಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ದೂರದೂರದ ದಾನಿಗಳನ್ನು ಹುಡುಕುವ ಮೊದಲು ಅಣ್ಣ ತಮ್ಮ, ಅಕ್ಕ ತಂಗಿಯರ ರಕ್ತಕ್ಕೆ ಒಂದು ಹನಿ ಲೆಕ್ಟಿನ್ ಹಾಕಿ ನೋಡುವುದು ಜಾಣತನ. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯಾಗುವ ಪದ್ಧತಿ ಇರುವ ಮನೆತನಗಳಲ್ಲಿ ಎರಡು ಕೆಟ್ಟ ಪ್ರತಿಗಳು ಒಂದೆಡೆ ಸೇರುವ ಸಂಭವ ಹೆಚ್ಚು. ಅಂಥ ಕಡೆ ಹತ್ತಿರದ ಬಂಧುಗಳನ್ನೂ ಪರೀಕ್ಷಿಸುವುದು ಒಳ್ಳೆಯದು.

ಹಸುಗೂಸುಗಳ ವಿಷಯದಲ್ಲಿ ಅವಸರ ಬೇಡ. ಹುಟ್ಟಿದಾಗ ಕಣಗಳ ಮೇಲೆ ಎಚ್ ಪೂರ್ತಿ ಬೆಳೆದಿರುವುದಿಲ್ಲ. ಮಗುವಿನ ಸ್ವಂತ ಪ್ರತಿಕಾಯಗಳು ಕಾಣಿಸುವುದಕ್ಕೆ ನಾಲ್ಕಾರು ತಿಂಗಳು ಬೇಕಾಗುವುದರಿಂದ ರಿವರ್ಸ್ ಪರೀಕ್ಷೆಯೂ ನಂಬುವಂಥದ್ದಲ್ಲ.

ಇದು ಕಾಯಿಲೆಯೇ?

ಅಲ್ಲ. ರಕ್ತ ಬೇಕಾಗುವವರೆಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಗರ್ಭಿಣಿಯ ಆಂಟಿ-ಎಚ್ ಮಗುವಿನ ಕಣಗಳ ಮೇಲೆ ಪರಿಣಾಮ ಮಾಡುವುದು ಅಪರೂಪ. ಆದರೂ ಹುಟ್ಟಿದ ಮಗುವಿನ ಕಾಮಾಲೆಯ ಮೇಲೆ ಕಣ್ಣಿಡಲು ಮಕ್ಕಳ ವೈದ್ಯರಿಗೆ ಮೊದಲೇ ಹೇಳಿರಬೇಕು.

ಉತ್ತರ ಕನ್ನಡದಲ್ಲಿ ಎಷ್ಟು ಮಂದಿ ಇರಬಹುದು?

ಭಾರತದಲ್ಲಿ ಸುಮಾರು 10,000 ಜನರಿಗೆ ಒಬ್ಬರು ಎಂಬ ಅಂದಾಜು ಬಳಕೆಯಲ್ಲಿದೆ. ಯುರೋಪಿನಲ್ಲಿ ಇದು ಹತ್ತು ಲಕ್ಷಕ್ಕೊಬ್ಬರು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 14 ಲಕ್ಷ ದಾಟಿತ್ತು. ಭಾಗಿಸಿದರೆ ನೂರ ನಲವತ್ತರ ಆಸುಪಾಸು ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ, ಎಣಿಸಿದ್ದಲ್ಲ. ಆದರೂ ಇಷ್ಟು ಮಂದಿಯಲ್ಲಿ ಹೆಚ್ಚಿನವರ ಕಿಸೆಯಲ್ಲಿ 'ಒ' ಎಂಬ ಕಾರ್ಡೇ ಇರಬಹುದು ಎಂಬುದು ಯೋಚಿಸಬೇಕಾದ ಮಾತು.

ಗೊತ್ತಾದ ಮೇಲೆ ಏನು ಮಾಡಬೇಕು? ರಕ್ತ ಎಲ್ಲಿ ಸಿಗುತ್ತದೆ?

ಮೇಲಿನ ಗರ್ಭಿಣಿಯ ಉದಾಹರಣೆಗೇ ಮರಳೋಣ. 34ನೆಯ ವಾರದಲ್ಲಿ ಗೊತ್ತಾದದ್ದು ಅದೃಷ್ಟ. ಆಕೆಗೆ ಮೊದಲು ಬೇಕಾದದ್ದು ರಕ್ತವಲ್ಲ, ಕಬ್ಬಿಣಾಂಶ. ಕಬ್ಬಿಣದ ಕೊರತೆಯಿಂದಲೇ ರಕ್ತಹೀನತೆ ಬಂದಿದ್ದರೆ ನರಕ್ಕೆ ಕಬ್ಬಿಣದ ಚುಚ್ಚುಮದ್ದು ಕೊಟ್ಟು, ಹೆರಿಗೆಯೊಳಗೆ ಹಿಮೋಗ್ಲೋಬಿನ್ ಏರಿಸಲು ವೈದ್ಯರಿಗೆ ಸಮಯ ಸಿಗುತ್ತದೆ. ಏರಿದಷ್ಟೂ ಹೊರಗಿನ ರಕ್ತದ ಅಗತ್ಯ ಕಡಿಮೆ. ಎರಡನೆಯ ಕೆಲಸ ಒಡಹುಟ್ಟಿದವರ ಪರೀಕ್ಷೆ. ಒಬ್ಬ ತಮ್ಮ ಬಾಂಬೆ ಪಾಸಿಟಿವ್ ಎಂದು ಕಂಡುಬಂದರೆ ಅವನನ್ನು ಈಗಲೇ ಕರೆಸಿ ರಕ್ತ ತೆಗೆಯುವುದೋ, ಹೆರಿಗೆಯ ಹತ್ತಿರ ತೆಗೆಯುವುದೋ ಎಂಬುದು ಲೆಕ್ಕಾಚಾರದ ವಿಷಯ. ಸಿಪಿಡಿಎ ಎಂಬ ಸಂರಕ್ಷಕ ದ್ರಾವಣವಿರುವ ಸಾಮಾನ್ಯ ಚೀಲದ ರಕ್ತ ಫ್ರಿಜ್ಜಿನಲ್ಲಿ 35 ದಿನ ಇರುತ್ತದೆ. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಕಾಯಬೇಕು. ಬೇಗ ತೆಗೆದು ಅವಧಿ ಮುಗಿದರೆ ಚೀಲವೂ ಹೋಯಿತು, ದಾನಿಯೂ ಮೂರು ತಿಂಗಳು ಸಿಗುವುದಿಲ್ಲ. ತಮ್ಮನ ರಕ್ತ ಎಂದು ಕ್ರಾಸ್‌ಮ್ಯಾಚ್ ಬಿಡುವಂತಿಲ್ಲ. ಹತ್ತಿರದ ಬಂಧುಗಳ ರಕ್ತವನ್ನು ವಿಕಿರಣಕ್ಕೆ ಒಡ್ಡಿ ಕೊಡಬೇಕೆಂಬ ನಿಯಮವಿದೆ, ಆ ಸೌಲಭ್ಯ ಎಲ್ಲ ಕಡೆ ಇಲ್ಲ. ಇದನ್ನು ಮೊದಲೇ ವಿಚಾರಿಸಬೇಕು.

ಮೂರನೆಯದು ಊರು. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರ್, ಕಾರವಾರದವರು ಗೋವಾದತ್ತ ನೋಡುತ್ತಾರೆ, ಭಟ್ಕಳ ಹೊನ್ನಾವರದವರು ಮಣಿಪಾಲದತ್ತ. ಹೆರಿಗೆ ಮಳೆಗಾಲಕ್ಕೆ ಬಿದ್ದರೆ ಘಟ್ಟದ ರಸ್ತೆಯನ್ನು ನಂಬಿ ಕೂರಬೇಡಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿತ್ತು. ಇಂಥವರ ಹೆರಿಗೆಯನ್ನು ದೊಡ್ಡ ಬ್ಲಡ್ ಬ್ಯಾಂಕ್ ಇರುವ ಊರಿನಲ್ಲಿ, ದಿನ ತುಂಬುವ ಮೊದಲೇ ಹೋಗಿ ಉಳಿದು ಮಾಡಿಸಿಕೊಳ್ಳುವುದೇ ಸರಿ. ಚೀಲ ಬರುವುದನ್ನು ಕಾಯುವುದಕ್ಕಿಂತ ರೋಗಿ ಚೀಲವಿರುವಲ್ಲಿಗೆ ಹೋಗುವುದು ಸುಲಭ.

ಮನೆಯಲ್ಲಿ ಯಾರೂ ಹೊಂದದಿದ್ದರೆ ನಿಮ್ಮ ಬ್ಲಡ್ ಬ್ಯಾಂಕಿನ ಮೂಲಕ ಅಪರೂಪದ ದಾನಿಗಳ ಪಟ್ಟಿಗಳನ್ನು ಸಂಪರ್ಕಿಸಬೇಕು. ಮುಂಬೈಯ ಮೇಲೆ ಹೇಳಿದ ಸಂಸ್ಥೆಯ ಬಳಿಯೂ ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಬಳಿಯೂ ಇಂಥ ಪಟ್ಟಿಗಳಿವೆ. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ 'ತುರ್ತಾಗಿ ಬಾಂಬೆ ರಕ್ತ ಬೇಕು' ಎಂಬ ಸಂದೇಶಗಳಲ್ಲಿ ಎಷ್ಟೋ ಹಳೆಯವು. ದಿನಾಂಕ, ಆಸ್ಪತ್ರೆಯ ಹೆಸರು ಇಲ್ಲದ್ದನ್ನು ಮುಂದಕ್ಕೆ ಕಳಿಸಬೇಡಿ.

ನಾನು ಬಾಂಬೆ ಗುಂಪಿನವನು. ಊರಿನ ಶಿಬಿರದಲ್ಲಿ ರಕ್ತ ಕೊಡಬಹುದೇ?

ಕೊಡಬೇಡಿ. ಅಲ್ಲಿ ನಿಮ್ಮ ಚೀಲಕ್ಕೆ 'ಒ' ಎಂಬ ಚೀಟಿ ಅಂಟುವ ಸಂಭವವಿದೆ, ಅದರೊಳಗಿನ ಪ್ಲಾಸ್ಮಾದಲ್ಲಿರುವ ಆಂಟಿ-ಎಚ್ ಬೇರೆಯವರಿಗೆ ತೊಂದರೆ ಮಾಡಬಹುದು. ಅದಕ್ಕಿಂತ ಹೆಚ್ಚಾಗಿ, ಮುಂದಿನ ವಾರವೇ ನಿಮ್ಮಂಥ ಒಬ್ಬರಿಗೆ ಬೇಕಾದರೆ ನೀವು 90 ದಿನಗಳ ಕಾಯುವಿಕೆಯಲ್ಲಿರುತ್ತೀರಿ. ಪಟ್ಟಿಯಲ್ಲಿ ಹೆಸರಿರಲಿ, ಮೊಬೈಲ್ ಸಂಖ್ಯೆ ಬದಲಾದರೆ ತಿಳಿಸಿ, ಕರೆ ಬಂದಾಗ ಕೊಡಿ.

ನನ್ನದು ನಿಜವಾಗಿ ಒ ಗುಂಪೇ ಎಂದು ತಿಳಿಯಲು ಲ್ಯಾಬಿನಲ್ಲಿ ಏನೆಂದು ಕೇಳಬೇಕು?

'ರಿವರ್ಸ್ ಗ್ರೂಪಿಂಗ್ ಮಾಡುವಾಗ ಒ ಕಣದ ಟ್ಯೂಬನ್ನೂ ಇಡುತ್ತೀರಾ?' ಎಂದು ಕೇಳಿ. ಸಣ್ಣ ಲ್ಯಾಬುಗಳಲ್ಲಿ ಆ ಸೌಕರ್ಯ ಇರುವುದಿಲ್ಲ, ಬ್ಲಡ್ ಬ್ಯಾಂಕಿಗೇ ಹೋಗಬೇಕು. ಒ ಕಣ ಅಂಟಲಿಲ್ಲವಾದರೆ ನಿಮ್ಮದು ಒ ಗುಂಪೇ, ಲೆಕ್ಟಿನ್ ಬೇಕಿಲ್ಲ. ಅಂಟಿತೆಂದರೆ ಹಳೆಯ ಕಾರ್ಡನ್ನು ಬದಿಗಿಟ್ಟು ಲೆಕ್ಟಿನ್ ಪರೀಕ್ಷೆ ಮುಗಿಯುವ ತನಕ ಯಾವ ಫಾರ್ಮಿನಲ್ಲೂ 'ಒ' ಎಂದು ಬರೆಯಬೇಡಿ.